ಸೀಲು ಮಾಯ, ಅಕ್ಷರ ಮಸುಕು, ಫೈಲು ಭಾರ: ಸ್ಕ್ಯಾನ್‌ನಲ್ಲಿ ತಪ್ಪಿದ್ದು ಎಲ್ಲಿ?

ದೊಡ್ಡಪ್ಪನ ಹತ್ತಿರ 1978ರ ಒಂದು ಕ್ರಯಪತ್ರ ಇದೆ. ಆರು ಹಾಳೆ. ಮೊದಲನೆಯದು ಛಾಪಾ ಕಾಗದ. ಪೂರ್ತಿ ನೀಲಿ ಶಾಯಿಯ ಕೈಬರಹ, ಪ್ರತಿ ಹಾಳೆಯಲ್ಲೂ ನೇರಳೆ ಬಣ್ಣದ ದುಂಡು ಸೀಲು. ಅದನ್ನು ಪಿಡಿಎಫ್ ಮಾಡಿ ಒಂದು ಕಡೆ ಅಪ್‌ಲೋಡ್ ಮಾಡಬೇಕಿತ್ತು. ಫೈಲು 5 ಎಂಬಿ ಮೀರುವ ಹಾಗಿರಲಿಲ್ಲ.

ಮೊದಲ ಸಲ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಫೈಲು 41 ಎಂಬಿ. ತೆಗೆದುಕೊಳ್ಳಲೇ ಇಲ್ಲ. ವಾಪಸ್ ಹೋಗಿ "ಸಣ್ಣದು ಮಾಡಿಕೊಡಪ್ಪಾ" ಅಂದರು. ಎರಡನೇ ಸಲ ಸಿಕ್ಕಿದ್ದು ಅರ್ಧ ಎಂಬಿಯೂ ಇಲ್ಲದ ಫೈಲು. ಸಲೀಸಾಗಿ ಅಪ್‌ಲೋಡ್ ಆಯಿತು. ನಾಲ್ಕು ದಿನ ಬಿಟ್ಟು "ದಾಖಲೆ ಓದಲು ಬರುತ್ತಿಲ್ಲ" ಅಂತ ತಿರಸ್ಕಾರವಾಗಿ ಬಂತು. ಆಗ ನನ್ನ ಮುಂದೆ ಮೊಬೈಲ್ ಹಿಡಿದು, "ಸೀಲೆಲ್ಲಿ ಹೋಯ್ತೋ? ಕಾಗದದಲ್ಲಿ ಕಣ್ಣಿಗೆ ಹೊಡೆಯೋ ಹಾಗಿದೆ, ಇದರಲ್ಲಿ ಏನೂ ಇಲ್ವಲ್ಲ" ಅಂದರು.

ಮೊದಲನೆಯದು ಭಾರದ ದೋಷ, ಎರಡನೆಯದು ಓದುವಿಕೆಯ ದೋಷ. ನೋಡಲು ಬೇರೆ ಬೇರೆ. ಆದರೆ ಎರಡೂ ಒಂದೇ ಜಾಗದಲ್ಲಿ ಹುಟ್ಟಿದ್ದು: ಸ್ಕ್ಯಾನ್ ಬಟನ್ ಒತ್ತುವ ಮೊದಲು ಆರಿಸುವ ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ, ಮತ್ತು ಬಣ್ಣದ ಮೋಡ್.

ಮೊದಲು ಫೈಲನ್ನೇ ಕೇಳಿ

ಕಣ್ಣಂದಾಜಿನಲ್ಲಿ ಹೇಳುವ ಬದಲು ಪಿಡಿಎಫ್ ಒಳಗೆ ಏನಿದೆ ಅಂತ ನೋಡಿಬಿಡುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಪಾಪ್ಲರ್ ಅನ್ನುವ ಉಪಕರಣಗಳ ಗುಂಪು ಸಿಗುತ್ತದೆ. ಅದರಲ್ಲಿರುವ `pdfimages` ಸ್ಕ್ಯಾನ್‌ನ ಜಾತಕ ಹೇಳುತ್ತದೆ. ದೊಡ್ಡಪ್ಪನ ಎರಡು ಫೈಲುಗಳ ಮೊದಲ ಪುಟಕ್ಕೆ ಬಂದ ಉತ್ತರ ಇದು. ಕೆಲವು ಕಾಲಂ ಬಿಟ್ಟಿದ್ದೇನೆ.

```
$ pdfimages -list kraya1.pdf
page width height color bpc enc   x-ppi size
   1  5100   8400 rgb     8 jpeg    600 6.9M

$ pdfimages -list kraya2.pdf
page width height color bpc enc   x-ppi size
   1  1700   2800 gray    1 ccitt   200 88.4K
```

`color` ಮತ್ತು `bpc` ಸೇರಿ ಮೋಡ್ ಹೇಳುತ್ತವೆ. `rgb` ಇದ್ದರೆ ಬಣ್ಣ. `gray` ಜೊತೆ 8 ಇದ್ದರೆ ಗ್ರೇಸ್ಕೇಲ್, ಅಂದರೆ ಬೂದು ಬಣ್ಣದ 256 ಛಾಯೆ. `gray` ಜೊತೆ 1 ಇದ್ದರೆ ಒಂದು ಬಿಟ್, ಅಂದರೆ ಬರೀ ಕಪ್ಪು ಮತ್ತು ಬಿಳಿ, ನಡುವೆ ಏನೂ ಇಲ್ಲ. ಇಲ್ಲೇ ತುಂಬಾ ಜನ ಎಡವುತ್ತಾರೆ. ನಾವು ಬಾಯಲ್ಲಿ "ಬ್ಲ್ಯಾಕ್ ಆ್ಯಂಡ್ ವೈಟ್" ಅನ್ನುವಾಗ ಹಳೇ ಸಿನಿಮಾದ ಹಾಗೆ ಬೂದು ಛಾಯೆ ಇರುತ್ತದೆ ಅಂದುಕೊಂಡಿರುತ್ತೇವೆ. ಸ್ಕ್ಯಾನರ್‌ಗೆ ಅದು ಗ್ರೇಸ್ಕೇಲ್. ಪರದೆಯಲ್ಲಿ `Black & White` ಅಥವಾ `Text` ಅಂತ ಕಾಣುವುದು ಸಾಮಾನ್ಯವಾಗಿ ಆ ಒಂದು ಬಿಟ್‌ನ ಮೋಡ್.

ಈ ಆಜ್ಞೆ ಓಡಿಸಲು ಆಗದಿದ್ದರೂ ಪರವಾಗಿಲ್ಲ. ಪಿಡಿಎಫ್ ತೆರೆದು 400 ಪರ್ಸೆಂಟ್‌ಗೆ ಹಿಗ್ಗಿಸಿ, ಒಂದು ಅಕ್ಷರದ ಅಂಚು ನೋಡಿ. ಅಂಚು ಮೆಟ್ಟಿಲು ಮೆಟ್ಟಿಲಾಗಿದ್ದು ಕಪ್ಪು ಬಿಳಿ ಬಿಟ್ಟು ಬೇರೆ ಬಣ್ಣವೇ ಇಲ್ಲದಿದ್ದರೆ ಒಂದು ಬಿಟ್. ಅಂಚು ಮೆತ್ತಗಾಗಿ, ಅಕ್ಷರ ಊದಿಕೊಂಡು ದೊಡ್ಡ ದೊಡ್ಡ ಚೌಕಗಳಾಗಿ ಕಂಡರೆ ಡಿಪಿಐ ಸಾಲದು. ಅಕ್ಷರ ಗಟ್ಟಿಯಾಗಿದ್ದು ಅದರ ಸುತ್ತ ಬಿಳಿ ಜಾಗದಲ್ಲಿ ಧೂಳು ಎರಚಿದ ಹಾಗೆ ಕಂಡರೆ ಡಿಪಿಐ ಸರಿ ಇದೆ, ಜೆಪೆಗ್ ಕುಗ್ಗಿಸುವಿಕೆ ಜಾಸ್ತಿ ಆಗಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಮೊದಲು ಯಾವುದು ಅಂತ ಗೊತ್ತಾಗಬೇಕು.

ಡಿಪಿಐ ತೋರಿಸುವ `x-ppi` ಕಾಲಂ ನೋಡುವಾಗ ಒಂದು ಎಚ್ಚರ. ಅಲ್ಲಿ 72 ಅಂತ ಕಂಡ ತಕ್ಷಣ ಸ್ಕ್ಯಾನ್ ಕೆಟ್ಟದು ಅಂದುಕೊಳ್ಳಬೇಡಿ. ಚಿತ್ರದಲ್ಲಿ ಡಿಪಿಐ ಮಾಹಿತಿ ಕಳೆದುಹೋಗಿದ್ದರೆ ಕೆಲವು ತಂತ್ರಾಂಶಗಳು 72 ಅಂತ ಹಿಡಿದು ಪುಟ ಮಾಡುತ್ತವೆ. ಆಗ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಎ4 ಹಾಳೆ ಹೋಗಿ 34 ಇಂಚು ಅಗಲ, 48 ಇಂಚಿಗೂ ಮೀರಿದ ಉದ್ದದ ಪುಟವಾಗುತ್ತದೆ. ಚುಕ್ಕೆಗಳು ಮಾತ್ರ ಅಷ್ಟೇ ಇರುತ್ತವೆ. ಅಗಲದ ಚುಕ್ಕೆಗಳನ್ನು ಕಾಗದದ ಅಗಲದ ಇಂಚಿನಿಂದ ಭಾಗಿಸಿ. ಬರುವುದೇ ನಿಜವಾದ ಡಿಪಿಐ.

41 ಎಂಬಿ ಎಲ್ಲಿಂದ ಬಂತು

ಹಳೇ ಕ್ರಯಪತ್ರ ಲೀಗಲ್ ಸೈಜಿನದು, 8.5 ಇಂಚು ಅಗಲ, 14 ಇಂಚು ಉದ್ದ. ಎ4 ಗಾಜಿನ ಸ್ಕ್ಯಾನರ್‌ನಲ್ಲಿ ಅದರ ಕೆಳಭಾಗ, ಅಂದರೆ ಸಾಕ್ಷಿಗಳ ಸಹಿ ಇರುವ ಜಾಗ, ಹೊರಗೆ ಉಳಿದುಬಿಡುತ್ತದೆ. ಇದನ್ನೂ ನೋಡಿಕೊಳ್ಳಿ. ದೊಡ್ಡಪ್ಪ ಹೋದ ಅಂಗಡಿಯ ಯಂತ್ರದ ಗಾಜು ಉದ್ದ ಇತ್ತು, ಅಷ್ಟರಮಟ್ಟಿಗೆ ಬಚಾವ್.

600 ಡಿಪಿಐ ಅಂದರೆ ಒಂದು ಇಂಚಿಗೆ 600 ಚುಕ್ಕೆ. 8.5 ಇಂಚಿಗೆ 5100, 14 ಇಂಚಿಗೆ 8400. ಗುಣಿಸಿದರೆ ಒಂದು ಪುಟಕ್ಕೆ 4 ಕೋಟಿ 28 ಲಕ್ಷ ಚುಕ್ಕೆ. ಬಣ್ಣದಲ್ಲಿ ಒಂದೊಂದು ಚುಕ್ಕೆಗೂ 3 ಬೈಟ್. ಕುಗ್ಗಿಸದೇ ಇಟ್ಟರೆ ಪುಟಕ್ಕೆ ಸುಮಾರು 128 ಎಂಬಿ. ಜೆಪೆಗ್ ಅದನ್ನು 7 ಎಂಬಿಗೆ ಇಳಿಸಿದೆ. ಆರು ಪುಟಕ್ಕೆ 41. ಯಂತ್ರದ ತಪ್ಪೇನೂ ಇಲ್ಲ, ಕೇಳಿದ್ದನ್ನು ಕೊಟ್ಟಿದೆ.

600ರ ಅಗತ್ಯ ಇತ್ತೇ? ಇರಲಿಲ್ಲ. ಮಾಮೂಲಿ ಪುಸ್ತಕದ ಕನ್ನಡ ಅಕ್ಷರದ ಗೆರೆ ಸುಮಾರು ಕಾಲು ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಳ್ಳಿ. 300 ಡಿಪಿಐನಲ್ಲಿ ಆ ಗೆರೆಗೆ 3 ಚುಕ್ಕೆ ಸಿಗುತ್ತದೆ. 200ರಲ್ಲಿ 2. 100ರಲ್ಲಿ ಒಂದೇ ಒಂದು. ಒಂದು ಗೆರೆಗೆ ಎರಡು ಮೂರು ಚುಕ್ಕೆ ಸಿಕ್ಕರೆ ಓದಲು ಧಾರಾಳವಾಗಿ ಸಾಕು. 600ರಲ್ಲಿ ಸಿಗುವ 6 ಚುಕ್ಕೆಯಲ್ಲಿ ಹೆಚ್ಚಾಗಿ ಕಾಣುವುದು ಕಾಗದದ ನಾರು. ಆ ನಾರನ್ನೂ ಜೆಪೆಗ್ ನಿಷ್ಠೆಯಿಂದ ಉಳಿಸಿಕೊಳ್ಳಲು ನೋಡುತ್ತದೆ, ಅದಕ್ಕೇ ಭಾರ.

ಒಂದು ಮಾತು ಕನ್ನಡಕ್ಕೆ ಮಾತ್ರ ಅನ್ವಯಿಸುತ್ತದೆ. ಇಂಗ್ಲಿಷ್ ಹಾಳೆಗೆ 150 ಡಿಪಿಐ ಸಾಕು ಅಂತ ಹೇಳುವವರ ಮಾತನ್ನು ನಮ್ಮ ಹಾಳೆಗೆ ಹಾಗೇ ತರಬೇಡಿ. ನಮ್ಮಲ್ಲಿ ಒತ್ತಕ್ಷರ ಇದೆ, ಅದು ಮೇಲಿನ ಅಕ್ಷರಕ್ಕಿಂತ ಚಿಕ್ಕದು. ದ ಮತ್ತು ಧ ಅಕ್ಷರಕ್ಕೆ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ಆ ಸೀಳು ಮುಚ್ಚಿಕೊಂಡರೆ ಧನ ಹೋಗಿ ದನ ಆಗುತ್ತದೆ. ಮನೆಯಲ್ಲಿ ನಗಬಹುದು. ಆದರೆ ಅರ್ಜಿಯಲ್ಲಿ ಮಾಧವ ಅಂತ ಇದ್ದು ದಾಖಲೆಯಲ್ಲಿ ಮಾದವ ಅಂತ ಕಂಡರೆ ಪರಿಶೀಲಿಸುವವರು ನಗುವುದಿಲ್ಲ.

ಎರಡನೇ ಫೈಲಿನಲ್ಲಿ ಸೀಲು ಯಾಕೆ ಹೋಯಿತು

ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಷಯ.

ಒಂದು ಬಿಟ್ ಮೋಡ್‌ನಲ್ಲೂ ಸ್ಕ್ಯಾನರ್ ಮೊದಲು ಪ್ರತಿ ಚುಕ್ಕೆಯ ಹೊಳಪನ್ನು 0ಯಿಂದ 255ರ ಒಳಗೆ ಅಳೆಯುತ್ತದೆ. 0 ಅಂದರೆ ಕಡುಗಪ್ಪು, 255 ಅಂದರೆ ಅಪ್ಪಟ ಬಿಳಿ. ಆಮೇಲೆ ನಡುವೆ ಒಂದು ಬೇಲಿ ಹಾಕುತ್ತದೆ. ಸಾಮಾನ್ಯವಾಗಿ 128ರ ಹತ್ತಿರ. ಬೇಲಿಗಿಂತ ಕೆಳಗಿದ್ದದ್ದೆಲ್ಲ ಕಪ್ಪು, ಮೇಲಿದ್ದದ್ದೆಲ್ಲ ಬಿಳಿ. ಸೆಟ್ಟಿಂಗ್‌ನಲ್ಲಿ ಇದರ ಹೆಸರು `Threshold`.

ದೊಡ್ಡಪ್ಪನ ಪತ್ರದ ಮೂಲವನ್ನು ನಾನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಗ್ರೇಗೆ ತಿರುಗಿಸಿ, ಚುಕ್ಕೆಗಳ ಬೆಲೆ ನೋಡಿದೆ. ಗಿಂಪ್‌ನಂಥ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬಣ್ಣ ಹೆಕ್ಕುವ ಉಪಕರಣ ಇರುತ್ತದಲ್ಲ, ಅದನ್ನು ಅಕ್ಷರದ ಮೇಲಿಟ್ಟರೆ ಸಾಕು. ನೀಲಿ ಶಾಯಿ ಗಟ್ಟಿ ಇದ್ದ ಕಡೆ ಸುಮಾರು 90. ಮಾಸಿದ ಕಡೆ 135. ನೇರಳೆ ಸೀಲು 160ರ ಆಸುಪಾಸು. ಹಳದಿಗಟ್ಟಿದ ಕಾಗದ 200. ಮಡಿಕೆಯ ನೆರಳು 120.

ಈಗ 128ರ ಬೇಲಿ ಹಾಕಿ ನೋಡಿ. ಗಟ್ಟಿ ಅಕ್ಷರ ಉಳಿಯಿತು. ಮಾಸಿದ ಅಕ್ಷರ ಹೋಯಿತು. ಸೀಲು ಪೂರ್ತಿ ಹೋಯಿತು. ಯಾರಿಗೂ ಬೇಡದ ಮಡಿಕೆಯ ನೆರಳು ಮಾತ್ರ ಕಪ್ಪು ಪಟ್ಟೆಯಾಗಿ ಕೂತುಕೊಂಡಿತು! ಅಲ್ಲಿಗೆ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಬೇಲಿಯನ್ನು 170ಕ್ಕೆ ಏರಿಸಿದರೆ ಸೀಲು ಬರುತ್ತದೆ ನಿಜ. ಆದರೆ ಹಾಳೆಯ ಹಿಂಬದಿಯ ಬರಹ ಮಸುಕಾಗಿ ಕಾಣುತ್ತದಲ್ಲ, ಅದೂ ಕಪ್ಪಾಗಿ ಮುಂದೆ ಬರುತ್ತದೆ. ಮಡಿಕೆ ಇನ್ನೂ ಅಗಲವಾಗುತ್ತದೆ. ಅಕ್ಷರಗಳು ದಪ್ಪವಾಗಿ ಧದ ಸೀಳು ಮುಚ್ಚಿಕೊಳ್ಳುತ್ತದೆ. ಒಂದೇ ಬೇಲಿಯಿಂದ ಈ ಎಲ್ಲವನ್ನೂ ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ಸೀಲು, ಬಣ್ಣದ ಶಾಯಿ, ಛಾಪಾ ಕಾಗದದ ಹಿನ್ನೆಲೆ ಇರುವ ಹಾಳೆಗೆ ಒಂದು ಬಿಟ್ ಮೋಡ್ ಬೇಡವೇ ಬೇಡ. ಇಷ್ಟು ಖಡಾಖಂಡಿತವಾಗಿ ಹೇಳಬಲ್ಲ ವಿಷಯ ಇದರಲ್ಲಿ ಬೇರೆ ಇಲ್ಲ.

ಇದರ ಜೊತೆ ಇನ್ನೊಂದು ತಪ್ಪೂ ಸೇರಿತ್ತು. ಗ್ರೇನಲ್ಲಿ ಅಕ್ಷರದ ಅಂಚು ಅರ್ಧ ಕಪ್ಪು ಚುಕ್ಕೆಗಳಿಂದ ನಯವಾಗಿರುತ್ತದೆ. ಕಣ್ಣು ಅದನ್ನು ಸೇರಿಸಿಕೊಂಡು ಓದುತ್ತದೆ. ಒಂದು ಬಿಟ್‌ನಲ್ಲಿ ಆ ಸಹಾಯ ಇಲ್ಲ. ಅದಕ್ಕೇ 200 ಡಿಪಿಐ ಗ್ರೇ ಚೆನ್ನಾಗಿ ಓದಿಸಿಕೊಳ್ಳುತ್ತದೆ, ಅದೇ 200 ಡಿಪಿಐ ಕಪ್ಪು ಬಿಳಿ ಒರಟಾಗಿ ಕಾಣುತ್ತದೆ. ಒಂದು ಬಿಟ್ ಆರಿಸಿದರೆ ಡಿಪಿಐ ಏರಿಸಬೇಕು, 300ಕ್ಕೆ ಕಡಿಮೆ ಬೇಡ. ಅಂಗಡಿಯವರು ಎರಡನ್ನೂ ಒಟ್ಟಿಗೆ ಇಳಿಸಿದ್ದರು.

ಪೆಟ್ಟು ಬಿದ್ದದ್ದು ಷೆಡ್ಯೂಲ್ ಪುಟಕ್ಕೆ. ಜಾಗ ಸಾಲದೆ ಬರಹಗಾರರು ಅಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲ ಇರುವೆ ಸಾಲಿನ ಹಾಗೆ ಬರೆದಿದ್ದಾರೆ, ಅದೂ ಕನ್ನಡ ಅಂಕಿಯಲ್ಲಿ. ಕೈಬರಹದಲ್ಲಿ ೬ ಮತ್ತು ೯ ಮೊದಲೇ ಹತ್ತಿರ ಹತ್ತಿರ. ಬಾಲ ಅಳಿಸಿದ ಮೇಲೆ ೧೬ ಗುಂಟೆಯೋ ೧೯ ಗುಂಟೆಯೋ ಅಂತ ನನಗೂ ಗೊತ್ತಾಗಲಿಲ್ಲ. ಮೂಲ ನೋಡಿದೆ, ೧೬.

ಅಂಕಿ ವಿಷಯ ಬಂದಿದ್ದಕ್ಕೆ ಇನ್ನೊಂದು. ಕುಗ್ಗಿಸಿದ ಬಗೆ ಹೇಳುವ `enc` ಕಾಲಂನಲ್ಲಿ `ccitt` ಇದ್ದರೆ ಕಪ್ಪು ಬಿಳಿ ಆದಮೇಲೆ ಮತ್ತೇನೂ ಕಳೆದುಹೋಗಿಲ್ಲ ಅಂತ ಅರ್ಥ. `jbig2` ಇದ್ದರೆ ಸ್ವಲ್ಪ ಹುಷಾರು. ಅದರಲ್ಲಿ ನಷ್ಟವಿಲ್ಲದ ಬಗೆಯೂ ಇದೆ, ಒಂದೇ ಥರ ಕಾಣುವ ಆಕಾರಗಳನ್ನು ಒಂದೇ ಅಂತ ಹಿಡಿದು ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುವ ಬಗೆಯೂ ಇದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವವರು ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದಾಗ ಕೋಣೆಗಳ ಅಳತೆಯೇ ಬದಲಾಗಿ ಬಂತು. 6 ಇದ್ದ ಕಡೆ 8 ಬಂದದ್ದೂ ಸಿಕ್ಕಿತು. ಮಸುಕಾಗಿದ್ದರೆ ಅನುಮಾನ ಬರುತ್ತದೆ, ಇಲ್ಲಿ ತಪ್ಪು ಅಂಕಿ ಸ್ವಚ್ಛವಾಗಿ ಕಾಣುತ್ತಿತ್ತು. ಕಂಪನಿ ಆಮೇಲೆ ತಂತ್ರಾಂಶ ಸರಿಪಡಿಸಿತು. ಅಂಕಿ ತುಂಬಿದ ಹಾಳೆಗೆ ನಾನು ಈ ಬಗೆಯ ಕುಗ್ಗಿಸುವಿಕೆ ಬಳಸುವುದಿಲ್ಲ.

ಬಣ್ಣ ತೆಗೆಯಬೇಕೇ, ಡಿಪಿಐ ಇಳಿಸಬೇಕೇ

ಫೈಲು ಭಾರವಾದಾಗ ಎಲ್ಲರೂ ಮೊದಲು ಕೈ ಹಾಕುವುದು ಬಣ್ಣಕ್ಕೆ. ನಾನೂ ಹಾಗೇ ಮಾಡುತ್ತಿದ್ದೆ. ಬಣ್ಣಕ್ಕೆ 3 ಬೈಟ್, ಗ್ರೇಗೆ 1 ಬೈಟ್, ಹಾಗಾದರೆ ಫೈಲು ಮೂರನೇ ಒಂದು ಭಾಗ ಆಗಬೇಕಲ್ವಾ? ಆಗುವುದಿಲ್ಲ. ಜೆಪೆಗ್ ಬೆಳಕು ನೆರಳನ್ನು ಮಾತ್ರ ವಿವರವಾಗಿ ಇಟ್ಟುಕೊಳ್ಳುತ್ತದೆ. ಬಣ್ಣವನ್ನು ಮೊದಲೇ ಒರಟಾಗಿ, ಕಡಿಮೆ ಜಾಗದಲ್ಲಿ ಇಡುತ್ತದೆ. ದೊಡ್ಡಪ್ಪನ ಒಂದು ಪುಟ 200 ಡಿಪಿಐ ಬಣ್ಣದಲ್ಲಿ ಸುಮಾರು 650 ಕೆಬಿ ಬಂತು, ಗ್ರೇನಲ್ಲಿ 520 ಕೆಬಿ. ಉಳಿತಾಯ ಆದದ್ದು ಐದನೇ ಒಂದು ಭಾಗ, ಅಷ್ಟೇ.

ಅದೇ 300ರಿಂದ 200ಕ್ಕೆ ಇಳಿದರೆ ಉದ್ದ ಅಗಲ ಎರಡೂ ಕಡಿಮೆಯಾಗುತ್ತವೆ. ಮೂರು ಮೂರಲ ಒಂಬತ್ತು, ಎರಡೆರಡಲ ನಾಲ್ಕು. ಒಂಬತ್ತರಲ್ಲಿ ನಾಲ್ಕು ಪಾಲು ಚುಕ್ಕೆ ಉಳಿದವು, ಅರ್ಧಕ್ಕಿಂತ ಜಾಸ್ತಿ ಹೋಯಿತು. ಅಂದರೆ ಸೀಲು ಇರುವ ಹಾಳೆಗೆ ಬಣ್ಣ ಇಟ್ಟುಕೊಂಡೇ ಡಿಪಿಐ ಇಳಿಸುವುದು ಲಾಭ. ಬಣ್ಣ ಇದ್ದರೆ ಸಹಿಯ ಮೇಲೆ ಸೀಲು ಬಿದ್ದಿದ್ದರೂ ಎರಡನ್ನೂ ಬೇರೆ ಬೇರೆ ಓದಬಹುದು. ಗ್ರೇನಲ್ಲಿ ಎರಡೂ ಕಲೆಸಿಹೋಗುತ್ತವೆ.

ಗ್ರೇನಲ್ಲಿ ಇನ್ನೊಂದು ಕಳ್ಳ ದೋಷ ಉಂಟು. ದಾಖಲೆಗಳಿಗೆಂದೇ ಮಾಡಿದ ಕೆಲವು ಸ್ಕ್ಯಾನರ್‌ಗಳಲ್ಲಿ `Dropout Color` ಅನ್ನುವ ಆಯ್ಕೆ ಇರುತ್ತದೆ. ಮುದ್ರಿತ ಅರ್ಜಿಯ ಕೆಂಪು ಗೆರೆಗಳನ್ನು ಮಾಯ ಮಾಡಿ ಬರಹ ಮಾತ್ರ ಉಳಿಸಲು ಇಟ್ಟದ್ದು. ಯಾರೋ ಅದನ್ನು ಕೆಂಪಿಗೆ ಇಟ್ಟು ಹೋಗಿದ್ದರೆ ನಿಮ್ಮ ಕೆಂಪು ಶಾಯಿಯ ಷರಾ ಕಾಣುವುದೇ ಇಲ್ಲ. ಗ್ರೇನಲ್ಲಿ ಒಂದೇ ಬಣ್ಣದ ಬರಹ ಪೂರ್ತಿ ಕಾಣೆಯಾಗಿದ್ದರೆ ಮೊದಲು ಇದನ್ನು ನೋಡಿ.

ಸೀಲು ಸಹಿ ಏನೂ ಇಲ್ಲದ, ಬಿಳಿ ಹಾಳೆಯ ಮೇಲೆ ಕಪ್ಪು ಮುದ್ರಣ ಇರುವ ಹಾಳೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. 300 ಡಿಪಿಐ, ಕಪ್ಪು ಬಿಳಿ. ಅಕ್ಷರ ಚೂಪಾಗಿ ಬರುತ್ತದೆ, ಫೈಲೂ ಹಗುರ. ಮುಂದೆ ಅದನ್ನು ಟೆಸೆರಾಕ್ಟ್‌ನಂಥ ಓಸಿಆರ್‌ಗೆ ಕೊಟ್ಟು ಪಠ್ಯವಾಗಿ ತೆಗೆಯಬೇಕು ಅಂತಿದ್ದರೆ 300 ಡಿಪಿಐ ಗ್ರೇ ಇಟ್ಟುಕೊಳ್ಳಿ. ಬೇಲಿ ಎಲ್ಲಿ ಹಾಕಬೇಕು ಅಂತ ಅದೇ ನೋಡಿಕೊಳ್ಳುತ್ತದೆ.

ಮೂರನೇ ಸಲ ಮಾಡಿದ್ದು

ಮನೆಯಲ್ಲಿ ಲೀಗಲ್ ಗಾಜು ಇಲ್ಲ. ನಾನೇ ದೊಡ್ಡಪ್ಪನ ಜೊತೆ ಅಂಗಡಿಗೆ ಹೋದೆ. ಆರು ಹಾಳೆಯನ್ನೂ ಒಮ್ಮೆಗೇ ಹಾಕದೆ ಮೊದಲು ಷೆಡ್ಯೂಲ್ ಪುಟ ಒಂದನ್ನೇ ಹಾಕಿಸಿದೆ, 300 ಡಿಪಿಐ ಬಣ್ಣ. ಅತಿ ಸಣ್ಣ ಅಕ್ಷರ ಇರುವ ಪುಟದಲ್ಲಿ ಗೆದ್ದರೆ ಉಳಿದವು ತಾನಾಗೇ ಗೆಲ್ಲುತ್ತವೆ. ಹಿಗ್ಗಿಸಿ ನೋಡಿದೆ, ೧೬ರ ಬಾಲ ಇತ್ತು.

ಹಿಂಬದಿಯ ಬರಹ ಮಾತ್ರ ಇಣುಕುತ್ತಿತ್ತು. ಸ್ಕ್ಯಾನರ್ ಮುಚ್ಚಳದ ಒಳಬದಿ ಬಿಳಿ. ತೆಳು ಹಾಳೆಯನ್ನು ದಾಟಿದ ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ, ಹಿಂದಿನ ಬರಹವನ್ನೂ ಹೊತ್ತು ತರುತ್ತದೆ. ಹಾಳೆಯ ಹಿಂದೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟೆವು. ಇಣುಕುವುದು ಬಹುಮಟ್ಟಿಗೆ ನಿಂತಿತು. ಕಾಗದ ಸ್ವಲ್ಪ ಕಂದಿದ ಹಾಗೆ ಕಂಡಿತು, ಆದರೆ ಓದಲು ಏನೂ ತೊಂದರೆ ಇಲ್ಲ.

ಆರು ಪುಟವನ್ನೂ ಹಾಗೇ 300 ಬಣ್ಣದಲ್ಲಿ ಟಿಫ್ ಫೈಲಾಗಿ ತಂದೆ. ಬಣ್ಣದಿಂದ ಗ್ರೇ ಯಾವಾಗ ಬೇಕಾದರೂ ಮಾಡಬಹುದು, 300ರಿಂದ 200 ಯಾವಾಗ ಬೇಕಾದರೂ ಮಾಡಬಹುದು. ಉಲ್ಟಾ ಆಗುವುದಿಲ್ಲ. ಹಳೇ ಕಾಗದವನ್ನು ಪದೇ ಪದೇ ಬಿಚ್ಚಿ ಮಡಿಸುವುದೂ ತಪ್ಪಿತು. ಮನೆಗೆ ಬಂದು ಇಮೇಜ್‌ಮ್ಯಾಜಿಕ್ ಮತ್ತು `img2pdf` ಬಳಸಿ ಹೀಗೆ ಇಳಿಸಿದೆ.

```
magick p1.tif -resample 200 -quality 75 p1.jpg
magick p5.tif -quality 75 p5.jpg
img2pdf p1.jpg p2.jpg p3.jpg p4.jpg p5.jpg p6.jpg -o kraya3.pdf
```

ಐದನೆಯದು ಷೆಡ್ಯೂಲ್ ಪುಟ. ಅದನ್ನು 300ರಲ್ಲೇ ಬಿಟ್ಟೆ, 1.3 ಎಂಬಿ ಬಂತು. ಉಳಿದ ಐದಕ್ಕೂ ಮೊದಲ ಸಾಲನ್ನೇ ಓಡಿಸಿ 200ಕ್ಕೆ ಇಳಿಸಿದೆ, ಸರಾಸರಿ 650 ಕೆಬಿ. ಒಟ್ಟು 4.5 ಎಂಬಿ. ಒಂದು ಪಿಡಿಎಫ್‌ನ ಎಲ್ಲ ಪುಟಕ್ಕೂ ಒಂದೇ ಡಿಪಿಐ ಇರಬೇಕು ಅಂತ ಎಲ್ಲೂ ನಿಯಮ ಇಲ್ಲ. `img2pdf` ಬಳಸಿದ್ದು ಯಾಕೆಂದರೆ ಅದು ಜೆಪೆಗ್ ಅನ್ನು ಮತ್ತೆ ಕುಗ್ಗಿಸದೆ ಇದ್ದಂತೆಯೇ ಪಿಡಿಎಫ್‌ನಲ್ಲಿ ಇಡುತ್ತದೆ. ಕುಗ್ಗಿಸಿದ್ದನ್ನೇ ಇನ್ನೊಮ್ಮೆ ಕುಗ್ಗಿಸಿದರೆ ಅಕ್ಷರದ ಸುತ್ತ ಆ ಧೂಳು ಎದ್ದೇಳುತ್ತದೆ.

4.5 ಕೂಡ ಜಾಸ್ತಿ ಆಗಿದ್ದರೆ? `-quality` ಅನ್ನು 60ಕ್ಕೆ ಇಳಿಸಿ ನೋಡುತ್ತಿದ್ದೆ. ಆಮೇಲೂ ಬೇಕಾದರೆ ಸೀಲು ಚಿಕ್ಕದಾಗಿ ಅಂಚಿನಲ್ಲಿರುವ ಪುಟಗಳನ್ನು ಗ್ರೇ ಮಾಡುತ್ತಿದ್ದೆ. 150 ಡಿಪಿಐಗೆ ಇಳಿಯುವುದು ಕೊನೆಯ ಮಾತು, ಅದೂ ದಪ್ಪ ಬರಹದ ಪುಟಕ್ಕೆ ಮಾತ್ರ.

ನಾಲ್ಕನೇ ಹಾಳೆಯ ನಡುವಿನ ಮಡಿಕೆ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಅಲ್ಲಿ ಒಂದು ಸಾಲು ಮಂಜು ಕವಿದ ಹಾಗಿತ್ತು. ಅಂಗಡಿ ಹುಡುಗ "ಸಾರ್, 1200ಕ್ಕೆ ಹಾಕಲಾ?" ಅಂದ. ಹಾಕಿಸಿ ನೋಡಿದೆ, ಅದೇ ಮಂಜು ದೊಡ್ಡದಾಗಿ ಬಂತು. ಇದು ಡಿಪಿಐ ದೋಷವಲ್ಲ. ಈಗಿನ ತೆಳು ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಸಿಐಎಸ್ ಬಗೆಯವು. ಗಾಜಿಗೆ ಅಂಟಿಕೊಂಡಿದ್ದನ್ನು ಮಾತ್ರ ಚೂಪಾಗಿ ನೋಡುತ್ತವೆ, ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಹಳೇ ಬಗೆಯ ದಪ್ಪ ಸಿಸಿಡಿ ಸ್ಕ್ಯಾನರ್‌ಗಳಿಗೆ ಈ ತೊಂದರೆ ಕಡಿಮೆ. ಹಾಳೆಯನ್ನು ಎರಡು ದಿನ ಪಂಚಾಂಗ, ಡಿಕ್ಷನರಿಗಳ ಕೆಳಗೆ ಒತ್ತಿಟ್ಟು, ಮತ್ತೆ ಹೋಗಿ ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿದು ಅದೇ 300ರಲ್ಲಿ ಸ್ಕ್ಯಾನ್ ಮಾಡಿಸಿದೆ. ಸಾಲು ಓದಲು ಬಂತು. ಹಳೇ `p4.tif` ತೆಗೆದು ಹೊಸದನ್ನು ಇಟ್ಟು, ಆಜ್ಞೆಗಳನ್ನು ಇನ್ನೊಮ್ಮೆ ಓಡಿಸಿದೆ.